ಮಾತಾದದ್ದು 15 ಲಕ್ಷ, ಬ್ಯಾಂಕಿಗೆ ಬಂದದ್ದು 14,85,000: ರಶೀದಿಯಲ್ಲಿ ಯಾವುದನ್ನು ಬರೆಯಬೇಕು?

ಪ್ರಶ್ನೆ: ಬದಿಯಡ್ಕದ ಹತ್ತಿರ ನನಗೂ ಅಕ್ಕನಿಗೂ ಜಂಟಿಯಾಗಿ ಇರುವ 30 ಸೆಂಟ್ಸ್ ಜಾಗೆ, ಹಳೇ ಮನೆ ಸಮೇತ 60 ಲಕ್ಷಕ್ಕೆ ಮಾತಾಯಿತು. 2025ರ ಜುಲೈ 12ಕ್ಕೆ ಕರಾರು ಬರೆದಿದ್ದೇವೆ, ಅಡ್ವಾನ್ಸ್ 15 ಲಕ್ಷ. 14ಕ್ಕೆ ನನ್ನ ಖಾತೆಗೆ 14,85,000 ಮಾತ್ರ ಬಂತು. ಕೊಳ್ಳುವವರು ಕಾಞಂಗಾಡ್‌ನವರು, ಕನ್ನಡ ಓದಲು ಬರುವುದಿಲ್ಲ. ಹಣ ಸಿಕ್ಕಿದ್ದಕ್ಕೂ ಮುಂದೇನು ಎನ್ನುವುದಕ್ಕೂ ಒಂದು ಕಾಗದ ಕೊಡಿ ಎನ್ನುತ್ತಿದ್ದಾರೆ. ಏನಂತ ಬರೆಯಲಿ? ಕಮ್ಮಿ ಬಂದ 15 ಸಾವಿರ ಕೇಳಬೇಕಾ?

ಉತ್ತರ:

ಕೇಳಬೇಡಿ. ಆ 15 ಸಾವಿರ ಅವರ ಜೇಬಿನಲ್ಲಿ ಉಳಿಯುವ ಹಣವಲ್ಲ. 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ ಜಾಗೆ ಕೊಳ್ಳುವವರು ಶೇಕಡಾ 1ರಷ್ಟನ್ನು ಹಿಡಿದಿಟ್ಟು ಮಾರುವವರ ಹೆಸರಿನಲ್ಲಿ ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ಕೊನೆಗೆ ಒಟ್ಟಿಗೆ ಹಿಡಿದರಾಯಿತು ಎಂದಲ್ಲ, ಅಡ್ವಾನ್ಸ್ ಕೊಡುವಾಗಲೇ ಆ ಕಂತಿನ ಪಾಲು ಹಿಡಿಯಬೇಕು. 15 ಲಕ್ಷದ ಶೇಕಡಾ 1 ಎಂದರೆ 15,000. ಕಾಞಂಗಾಡ್‌ನವರು ಲೆಕ್ಕ ಬಲ್ಲವರೇ ಇರಬೇಕು. ಮುಂಚೆಯೇ ಒಂದು ಮಾತು ಹೇಳಿದ್ದರೆ ನೀವು ಗಾಬರಿಯಾಗುತ್ತಿರಲಿಲ್ಲ, ಅಷ್ಟೆ.

ಪಾಲು ಮಾಡಿದರೆ ನಿಮಗೆ 30, ಅಕ್ಕನಿಗೆ 30, ಯಾರದ್ದೂ 50 ಲಕ್ಷ ಮುಟ್ಟುವುದಿಲ್ಲವಲ್ಲ ಎಂದು ಯಾರಾದರೂ ನಿಮಗೆ ಹೇಳಬಹುದು. ಆ ವಾದಕ್ಕೆ ಮೊದಲು ಜಾಗವಿತ್ತು. 2024ರ ಅಕ್ಟೋಬರ್ 1ರಿಂದ ಎಲ್ಲರ ಪಾಲನ್ನೂ ಕೂಡಿಸಿಯೇ 50 ಲಕ್ಷದ ಲೆಕ್ಕ ನೋಡುತ್ತಾರೆ. ಇದು ಹಳ್ಳಿಯ ಅಡಿಕೆ ತೋಟವಾಗಿದ್ದರೆ ಮಾತು ಬೇರೆ, ಗ್ರಾಮೀಣ ಕೃಷಿ ಭೂಮಿಗೆ ಈ ಕಡಿತವಿಲ್ಲ. ನಿಮ್ಮದು ಮನೆ ಇರುವ ಹಿತ್ತಿಲು, ಅದರಲ್ಲಿ ನಾಲ್ಕು ತೆಂಗಿನ ಮರ ಇದ್ದ ಮಾತ್ರಕ್ಕೆ ಅದು ಕೃಷಿ ಭೂಮಿ ಆಗುವುದಿಲ್ಲ. ಇನ್ನೊಂದು, ನಿಮ್ಮಲ್ಲಿ ಯಾರಾದರೂ ಗಲ್ಫಿನಲ್ಲಿದ್ದು ತೆರಿಗೆಯ ಲೆಕ್ಕಕ್ಕೆ ಅನಿವಾಸಿ ಆಗಿದ್ದರೆ ಈ ಶೇಕಡಾ 1ರ ಲೆಕ್ಕ ಅವರಿಗೆ ಅನ್ವಯಿಸುವುದಿಲ್ಲ, ಹಿಡಿಯುವ ಮೊತ್ತ ಬಹಳ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಗಲ್ಫ್ ಇಲ್ಲದ ಮನೆ ಕಡಿಮೆ, ಅದಕ್ಕೇ ಹೇಳಿದೆ.

ಈಗ ರಶೀದಿಯ ವಿಚಾರ. ಇಲ್ಲಿ ಎರಡು ಕಡೆಗೂ ಜಾರಬಹುದು. "15 ಲಕ್ಷ ಸಿಕ್ಕಿದೆ" ಎಂದಷ್ಟೇ ಬರೆದರೆ ಪಾಸ್‌ಬುಕ್ ಬೇರೆ ಹೇಳುತ್ತದೆ. ಅವರು ಆ 15 ಸಾವಿರವನ್ನು ಇಲಾಖೆಗೆ ಕಟ್ಟದೇ ಹೋದರೂ "ಪೂರ್ತಿ ಸಂದಿದೆ ಎಂದು ನೀವೇ ಬರೆದಿದ್ದೀರಲ್ಲ" ಎನ್ನುವ ಕಾಗದ ಅವರ ಕೈಯಲ್ಲಿರುತ್ತದೆ. "14,85,000 ಸಿಕ್ಕಿದೆ" ಎಂದಷ್ಟೇ ಬರೆದರೆ ಅವರು ಕಟ್ಟಿದ ತೆರಿಗೆ ಲೆಕ್ಕದಿಂದ ಹೊರಗೆ ಉಳಿಯುತ್ತದೆ, ಬಾಕಿ 45 ಲಕ್ಷವೋ 45,15,000ವೋ ಎಂದು ರಿಜಿಸ್ಟ್ರಿ ದಿನ ಚರ್ಚೆ ಏಳುತ್ತದೆ. ಆದ್ದರಿಂದ ಎರಡನ್ನೂ ಬೇರೆಬೇರೆ ಸಾಲಿನಲ್ಲಿ ಬರೆದು, ಕೂಡಿಸಿ ತೋರಿಸಿ. ಬ್ಯಾಂಕಿಗೆ ಬಂದದ್ದಕ್ಕೆ ನೀವು ಸಾಕ್ಷಿ, ತೆರಿಗೆ ಕಟ್ಟಿದ್ದಕ್ಕೆ ಅವರು ಸಾಕ್ಷಿ. ನೀವು ಕಾಣದ ಹಣಕ್ಕೆ ನೀವು ಸಾಕ್ಷಿ ಹೇಳಬಾರದು.

ಬರೆಯುವ ಮೊದಲು ಮೊಬೈಲಿಗೆ ಬಂದ ಸಂದೇಶವನ್ನಾಗಲಿ ಅವರು ಕಳಿಸಿದ ಸ್ಕ್ರೀನ್‌ಶಾಟನ್ನಾಗಲಿ ನಂಬಿ ಕೂರಬೇಡಿ. ಪಾಸ್‌ಬುಕ್ ಎಂಟ್ರಿ ಹಾಕಿಸಿ ಅಥವಾ ಸ್ಟೇಟ್‌ಮೆಂಟ್ ತೆಗೆಯಿರಿ. ದೊಡ್ಡ ಮೊತ್ತ RTGS ಮೂಲಕ ಬಂದಿದ್ದರೆ ಅದರ ಜೊತೆಗೆ UTR ಎಂಬ 22 ಅಕ್ಷರ–ಅಂಕಿಗಳ ಗುರುತಿನ ನಂಬ್ರ ಇರುತ್ತದೆ, ರಶೀದಿಗೆ ಬೇಕಾದದ್ದು ಅದೇ. ಅಲ್ಲಿಯೇ ಕಳಿಸಿದವರ ಹೆಸರನ್ನೂ ನೋಡಿ. ಕರಾರಿನಲ್ಲಿ ಗಂಡನ ಹೆಸರು, ಹಣ ಬಂದದ್ದು ಭಾವನ ಖಾತೆಯಿಂದ ಎನ್ನುವಂಥದ್ದು ಎಷ್ಟೋ ಸಲ ಆಗುತ್ತದೆ. ಹಾಗಿದ್ದರೆ "ನಿಮ್ಮ ಪರವಾಗಿ ಇಂಥವರ ಖಾತೆಯಿಂದ" ಎಂದು ಬರೆಯಲೇಬೇಕು, ಇಲ್ಲವಾದರೆ ನಾಳೆ ಆ ಭಾವ ಬಂದು ನಾನು ಸಾಲ ಕೊಟ್ಟಿದ್ದೆ ಎನ್ನಬಹುದು.

ಚೆಕ್ ಕೊಟ್ಟಿದ್ದರೆ ಇನ್ನೂ ಎಚ್ಚರ ಬೇಕಿತ್ತು. ಇದನ್ನು ನನ್ನದೇ ಪೆದ್ದುತನದಿಂದ ಕಲಿತಿದ್ದೇನೆ. ಬ್ಯಾಂಕಿನ ಕೆಲಸಕ್ಕೆ ಸೇರಿದ ಹೊಸತರಲ್ಲಿ ಸಂಬಂಧಿಕರ ಒಂದು ಜಾಗೆಯ ವ್ಯವಹಾರಕ್ಕೆ ರಶೀದಿ ಬರೆದುಕೊಟ್ಟವನು ನಾನು. ಚೆಕ್ ಕೈಗೆ ಬಂದ ಕೂಡಲೇ, ಕಾಫಿ ತಣಿಯುವ ಮೊದಲು, "ಎರಡು ಲಕ್ಷ ಸಂದಿದೆ" ಎಂದು ಬರೆದು ಸಹಿ ಹಾಕಿಸಿ ಕೊಟ್ಟೆ. ನಾಲ್ಕನೇ ದಿನ ಚೆಕ್ ವಾಪಸು ಬಂತು, ಸಹಿ ಹೊಂದುವುದಿಲ್ಲವಂತೆ. ಕೊಂಡವರು ಕೆಟ್ಟವರಲ್ಲ, ಬೇರೆ ಚೆಕ್ ಕೊಟ್ಟರು. ಆದರೆ ಆ ರಶೀದಿಯನ್ನು ಅವರಿಂದ ವಾಪಸು ಪಡೆಯಲು ನಾನು ಎರಡು ವಾರ ಸೈಕಲ್ ತುಳಿದೆ. ಚೆಕ್‌ಗೆ ರಶೀದಿ ಕೊಡುವುದಾದರೆ ಚೆಕ್ ನಂಬ್ರ, ತಾರೀಕು ಬರೆದು "ನಗದಾದ ಮೇಲೆ ಸಂದಾಯ" ಎಂದೇ ಬರೆಯಬೇಕು.

ನಿಮ್ಮ ರಶೀದಿ ಹೀಗಿರಲಿ. ಖಾಲಿ ಬಿಟ್ಟಲ್ಲಿ ನಿಮ್ಮ ಕರಾರಿನಲ್ಲಿರುವ ಹಾಗೆಯೇ ತುಂಬಿಸಿ, ಇನಿಶಿಯಲ್ ಕೂಡ ಬದಲಾಗದಿರಲಿ. ಸಹಿಯಲ್ಲಿ ಒಂದನೆಯವರು ಅಕ್ಕ, ಎರಡನೆಯವರು ನೀವು.

ಬದಿಯಡ್ಕ, 18-07-2025

ಶ್ರೀ ________ ಅವರಿಗೆ,

ವಿಷಯ: 12-07-2025ರ ಕರಾರಿನ ಪ್ರಕಾರ ಮುಂಗಡ ಸಂದ ಬಗ್ಗೆ.

________ ಗ್ರಾಮದ ಸರ್ವೆ ನಂಬ್ರ ________ರಲ್ಲಿ ನಮ್ಮಿಬ್ಬರ ಜಂಟಿ ಹಕ್ಕಿನ 30 ಸೆಂಟ್ಸ್ ಜಾಗೆ ಮತ್ತು ಅದರಲ್ಲಿರುವ ಮನೆಯ ಕ್ರಯದ ಬಾಬ್ತು, ಒಟ್ಟು ಬೆಲೆ 60,00,000 ರೂಪಾಯಿಯಲ್ಲಿ 15,00,000 (ಹದಿನೈದು ಲಕ್ಷ) ರೂಪಾಯಿ ಮುಂಗಡದ ವಿವರ:

14-07-2025ರಂದು ನಿಮ್ಮ ಖಾತೆಯಿಂದ RTGS ಮೂಲಕ, UTR ________, ನಮ್ಮಲ್ಲಿ ಎರಡನೆಯವರ ಖಾತೆಗೆ ಬಂದದ್ದು: 14,85,000.

ಆದಾಯ ತೆರಿಗೆಯಾಗಿ ನೀವು ಹಿಡಿದಿಟ್ಟದ್ದು: 15,000. ಇದು ನಮ್ಮಿಬ್ಬರ ಪಾನ್ ನಂಬ್ರಕ್ಕೆ ತಲಾ 7,500ರಂತೆ ಜಮೆಯಾದಾಗ ಸಂದಾಯವಾದಂತೆ.

ಖಾತೆಗೆ ಬಂದ ಮೊತ್ತವನ್ನು ನಮ್ಮಿಬ್ಬರ ಪರವಾಗಿ ಪಡೆಯಲಾಗಿದೆ. ತೆರಿಗೆ ಜಮೆಯಾದ ಮೇಲೆ ಉಳಿಯುವ ಬಾಕಿ 45,00,000. ಇದು ಕರಾರಿನಲ್ಲಿ ಹೇಳಿದಂತೆ 31-10-2025ರ ಒಳಗೆ, ರಿಜಿಸ್ಟ್ರಿ ದಿನ ಸಲ್ಲಬೇಕಾದದ್ದು.

ನಾವು 31-07-2025ರ ಒಳಗೆ ಬಾಧ್ಯತಾ ಸರ್ಟಿಫಿಕೇಟಿಗೆ ಅರ್ಜಿ ಹಾಕುತ್ತೇವೆ, ಈ ವರ್ಷದ ತೀರ್ವೆ ಕಟ್ಟಿದ ರಶೀದಿಯ ಪ್ರತಿಯನ್ನು ನಿಮಗೆ ಕೊಡುತ್ತೇವೆ. ಮೂಲ ಕ್ರಯಪತ್ರಗಳನ್ನು ರಿಜಿಸ್ಟ್ರಿ ದಿನ ಒಪ್ಪಿಸುತ್ತೇವೆ.

ಈ ಕಾಗದ ಹಣ ಸಂದ ಬಗ್ಗೆ ಮಾತ್ರ. ಕರಾರಿನ ಯಾವ ಷರತ್ತೂ ಇದರಿಂದ ಬದಲಾಗುವುದಿಲ್ಲ.

ಸಹಿ: 1. ________ 2. ________

ಸಹಿಯ ಜಾಗದಲ್ಲಿ ಒಂದು ರೂಪಾಯಿಯ ರೆವೆನ್ಯೂ ಸ್ಟಾಂಪ್ ಅಂಟಿಸಿ, ಅದರ ಮೇಲೆ ಹಾಯುವಂತೆ ಸಹಿ ಹಾಕಿ. 5,000 ರೂಪಾಯಿ ಮೀರಿದ ಯಾವ ರಶೀದಿಗೂ ಅದು ಬೇಕು, ಹಣ ಬ್ಯಾಂಕಿನ ಮೂಲಕ ಬಂದಿದ್ದರೂ ಬೇಕು. ಪೋಸ್ಟ್ ಆಫೀಸಿನಲ್ಲಿ ಸಿಗುತ್ತದೆ.

ಈ ಕಾಗದದ ಒಂದೆರಡು ಸಾಲು ಯಾಕೆ ಹಾಗಿವೆ ಎಂದು ಹೇಳಬೇಕು.

ಮೊದಲನೆಯದು, "ನಮ್ಮಿಬ್ಬರ ಪರವಾಗಿ". ಹಣ ಬಂದದ್ದು ನಿಮ್ಮೊಬ್ಬರ ಖಾತೆಗೆ, ಜಾಗೆ ಇಬ್ಬರದ್ದು. ನೀವೊಬ್ಬರೇ ಸಹಿ ಹಾಕಿದರೆ ಕೊಳ್ಳುವವರ ವಕೀಲರು ಮೊದಲು ಕೇಳುವುದೇ ಅಕ್ಕನಿಗೆ ಹಣ ಮುಟ್ಟಿತೇ ಎಂದು. ಅಕ್ಕ ಸಹಿ ಹಾಕಲು ನಾಲ್ಕು ದಿನ ಬೇಕಾದರೆ ಬೇಕಾಗಲಿ, ಅಷ್ಟರ ತನಕ ಕೊಳ್ಳುವವರನ್ನು ಕಾಯಿಸಿ ಅವರ ನಿದ್ದೆ ಕೆಡಿಸಬೇಡಿ. ಹಣ ಕಳಿಸಿದವರ ಹೊಟ್ಟೆಯೊಳಗಿನ ತಳಮಳ ಪಡೆದವರಿಗೆ ಗೊತ್ತಾಗುವುದಿಲ್ಲ. ಇವತ್ತೇ ವಾಟ್ಸಾಪಿನಲ್ಲಿ "14,85,000 ಇಂಥ UTRನಲ್ಲಿ ನನ್ನ ಖಾತೆಗೆ ಬಂದಿದೆ. ನಮ್ಮಿಬ್ಬರ ಸಹಿಯ ರಶೀದಿ ಶುಕ್ರವಾರ ಕೊಡುತ್ತೇನೆ" ಎಂದು ಎರಡು ಸಾಲು ಹಾಕಿಬಿಡಿ. ಆಮೇಲೆ ಅಕ್ಕನ ಪಾಲು 7,42,500ನ್ನು ಅವರ ಖಾತೆಗೆ ಕಳಿಸಿ, ವಿವರದಲ್ಲಿ ಜಾಗೆಯ ಮುಂಗಡದ ಪಾಲು ಎಂದು ಬರೆಯಿರಿ. ಅಕ್ಕ-ತಮ್ಮನ ನಡುವೆ ಇದೆಲ್ಲ ಯಾಕೆ ಎನ್ನಿಸೀತು. ಆದರೆ ಪೂರ್ತಿ ಮೊತ್ತ ನಿಮ್ಮ ಖಾತೆಯಲ್ಲೇ ಕೂತರೆ ತೆರಿಗೆಯವರ ಕಣ್ಣಿಗೆ ಅದು ನಿಮ್ಮದೇ ಹಣದಂತೆ ಕಾಣುತ್ತದೆ.

ಎರಡನೆಯದು "ಮುಂಗಡ" ಎನ್ನುವ ಶಬ್ದ. ಇದರ ಬದಲು ಬರೆಯಬಹುದಾದ ಇನ್ನೊಂದು ಶಬ್ದ ನಮ್ಮಲ್ಲಿದೆ, ಸಂಚಕಾರ. ಮಲಯಾಳದವರು ಅಚ್ಚಾರಂ ಎನ್ನುತ್ತಾರೆ. ಈಗ ಕನ್ನಡದಲ್ಲಿ ಸಂಚಕಾರ ಬಂತು ಎಂದರೆ ಕುತ್ತು ಬಂತು ಎಂದೇ ಅರ್ಥ. ವ್ಯವಹಾರದಲ್ಲಿ ಮಾತ್ರ ಅದು ಮಾತು ಖಾತ್ರಿ ಮಾಡಲು ಕೊಡುವ ಹಣ, ಕೊಟ್ಟವನು ಮಾತು ತಪ್ಪಿದರೆ ಹೋಗುವ ಹಣ. ಕಾನೂನಿನಲ್ಲೂ ಈ ಭೇದ ಇದೆ. ಸಂಚಕಾರವಾಗಿದ್ದರೆ ಕೊಳ್ಳುವವರು ತಪ್ಪಿದಾಗ ಅದನ್ನು ಉಳಿಸಿಕೊಳ್ಳುವ ಹಕ್ಕು ಮಾರುವವರಿಗೆ ಇದೆ, ಬೆಲೆಯ ಒಂದು ಭಾಗವಾಗಿ ಕೊಟ್ಟ ಮುಂಗಡವನ್ನು ಹಾಗೆ ಉಳಿಸಿಕೊಳ್ಳಲು ಬರುವುದಿಲ್ಲ. ಹೆಸರು ಒಂದೇ ಸಾಲದು, ಕರಾರಿನಲ್ಲಿ ಮುಟ್ಟುಗೋಲಿನ ಷರತ್ತು ಇದೆಯೇ, ಮೊತ್ತ ಎಷ್ಟು ಎಂಬುದನ್ನೂ ಕೋರ್ಟು ನೋಡುತ್ತದೆ. 60 ಲಕ್ಷದ ವ್ಯವಹಾರದಲ್ಲಿ 15 ಲಕ್ಷ ಎಂದರೆ ಕಾಲು ಭಾಗ. ಅಷ್ಟೂ ಸಂಚಕಾರ ಎಂದರೆ ನಂಬುವುದು ಕಷ್ಟ. ಆದ್ದರಿಂದ ಕರಾರಿನಲ್ಲಿ ಯಾವ ಶಬ್ದವಿದೆಯೋ ಅದನ್ನೇ ರಶೀದಿಯಲ್ಲಿ ಇಳಿಸಿ. ಕರಾರಿನಲ್ಲಿ ಒಂದು, ರಶೀದಿಯಲ್ಲಿ ಇನ್ನೊಂದು ಬಂದರೆ ವಕೀಲರಿಗೆ ಹಬ್ಬ. ಕಾಗದದ ಕೊನೆಯಲ್ಲಿ "ಕರಾರಿನ ಯಾವ ಷರತ್ತೂ ಬದಲಾಗುವುದಿಲ್ಲ" ಎಂದು ಸೇರಿಸಿದ್ದು ಇದಕ್ಕೇ.

ನೀವು ಯೋಚಿಸಬೇಕಾದ ಇನ್ನೊಂದು ಮಗ್ಗುಲೂ ಇದೆ. ನೀವೇ ತಪ್ಪಿ ಮಾರಾಟ ನಿಂತರೆ, ಕೊಟ್ಟ ಹಣದ ಮಟ್ಟಿಗೆ ಕೊಳ್ಳುವವರಿಗೆ ಆ ಜಾಗೆಯ ಮೇಲೆಯೇ ಹಕ್ಕು ಹುಟ್ಟುತ್ತದೆ. ಅಂದರೆ ರಿಜಿಸ್ಟ್ರಿ ಆಗುವ ತನಕ ಆ ಹಣ ಪೂರ್ತಿ ನಿಮ್ಮದಾಗಿಲ್ಲ. ಮಗಳ ಮದುವೆಗೋ ಹೊಸ ಮನೆಯ ಸ್ಲಾಬಿಗೋ ಅದನ್ನು ಈಗಲೇ ಸುರಿಯಬೇಡಿ.

ಮೂರನೆಯದು, ಮುಂದಿನ ಕೆಲಸಗಳ ಸಾಲು. ಅಲ್ಲಿ "ಅರ್ಜಿ ಹಾಕುತ್ತೇವೆ" ಎಂದಿದೆ, "ಸರ್ಟಿಫಿಕೇಟ್ ಕೊಡುತ್ತೇವೆ" ಎಂದಿಲ್ಲ. ಜಾಗೆಯ ಮೇಲೆ ಸಾಲ, ಅಡವು ಇದೆಯೇ ಎಂದು ತೋರಿಸುವ ಆ ಸರ್ಟಿಫಿಕೇಟಿಗೆ ಅರ್ಜಿ ಹಾಕುವ ತಾರೀಕು ನಿಮ್ಮ ಕೈಯಲ್ಲಿದೆ, ಸರ್ಟಿಫಿಕೇಟ್ ಬರುವ ತಾರೀಕು ಆಫೀಸಿನ ಕೈಯಲ್ಲಿದೆ. ರಶೀದಿ ಕೊಡುವ ಹುಮ್ಮಸ್ಸಿನಲ್ಲಿ "ಒಂದು ತಿಂಗಳಲ್ಲಿ ಎಲ್ಲ ಮುಗಿಸಿಕೊಡುತ್ತೇವೆ" ಎಂದು ಬರೆದವರು ಬಹಳ ಮಂದಿ. ಕೊಳ್ಳುವವರು ಆ ಸಾಲಿಗೇ ಗೆರೆ ಎಳೆದು ಇಟ್ಟುಕೊಳ್ಳುತ್ತಾರೆ.

ಇದನ್ನು ಬರೆಯುವ ಮೊದಲೇ ಒಂದು ಕೆಲಸ ಮಾಡಿ. ಕಳೆದ ಸಲ ತೀರ್ವೆ ಕಟ್ಟಿದ ರಶೀದಿ ತೆಗೆದು ಯಾರ ಹೆಸರಿದೆ ನೋಡಿ. ನಿಮ್ಮಿಬ್ಬರ ಹೆಸರಿದ್ದರೆ ನಿಶ್ಚಿಂತೆ. ಇನ್ನೂ ಹಿರಿಯರ ಹೆಸರೇ ಇದ್ದರೆ ಪೋಕುವರವು ಆಗಿಲ್ಲ ಎಂದರ್ಥ. ಆಗ ಮೊದಲು ವಿಲ್ಲೇಜ್ ಆಫೀಸಿನಲ್ಲಿ ಹೆಸರು ಬದಲಾಗಬೇಕು, ಅದಕ್ಕೆ ವಾರಸು ಸರ್ಟಿಫಿಕೇಟು ಬೇಕಾದರೆ ಇನ್ನೂ ತಡ. ಅಕ್ಟೋಬರ್ 31 ಕೈತಪ್ಪಬಹುದು. ಅಂಥ ತೊಡಕು ಇದ್ದರೆ ರಶೀದಿಯ ಜೊತೆಗೇ ಹೇಳಿಬಿಡುವುದು ಒಳ್ಳೆಯದು. ಅಕ್ಟೋಬರ್ 25ಕ್ಕೆ ಹೇಳಿದರೆ ಹಣ ಪಡೆದು ಆಟ ಆಡಿಸುತ್ತಿದ್ದಾರೆ ಎಂದೇ ಅವರಿಗೆ ಅನ್ನಿಸುತ್ತದೆ.

ಭಾಷೆಯ ಬಗ್ಗೆ. ಕನ್ನಡದಲ್ಲಿ ಬರೆದ ರಶೀದಿಗೆ ಕಾನೂನಿನ ಬೆಲೆ ಒಂದಿಷ್ಟೂ ಕಮ್ಮಿಯಲ್ಲ. ಆದರೆ ಓದಲಾಗದ ಕಾಗದವನ್ನು ಕೊಳ್ಳುವವರು ಇನ್ನೊಬ್ಬರ ಹತ್ತಿರ ಓದಿಸಿಕೊಳ್ಳುತ್ತಾರೆ, ಆ ಇನ್ನೊಬ್ಬರು ಏನು ಓದಿ ಹೇಳಿದರೋ ಯಾರಿಗೆ ಗೊತ್ತು. ಒಂದೇ ಹಾಳೆಯಲ್ಲಿ ಮೇಲೆ ಕನ್ನಡ, ಕೆಳಗೆ ಮಲಯಾಳ ಬರೆಸಿ, ಎರಡಕ್ಕೂ ಸೇರಿ ಒಂದೇ ಕಡೆ ಸಹಿ ಹಾಕಿ. ಅಂಕಿಗಳು, ತಾರೀಕು, UTR ಎರಡರಲ್ಲೂ ಒಂದೇ ರೀತಿ ಇರಲಿ. ಮೂಲ ದಾಖಲೆಗೆ ನಾನು "ಕ್ರಯಪತ್ರ" ಎಂದು ಬರೆದದ್ದನ್ನು ಗಮನಿಸಿ. ನಾವು ಕಾಸರಗೋಡಿನವರು ಆಡುವಾಗ ಅದನ್ನು ಆಧಾರ ಎನ್ನುತ್ತೇವೆ, ಮಲಯಾಳದಲ್ಲೂ ಆಧಾರವೇ. ಆದರೆ "ಮೂಲ ಆಧಾರ ಒಪ್ಪಿಸುತ್ತೇವೆ" ಎನ್ನುವುದನ್ನು ಮಂಗಳೂರಿನ ಬ್ಯಾಂಕಿನವರು ಓದಿ ಆಧಾರ್ ಕಾರ್ಡ್ ಯಾಕೆ ಒಪ್ಪಿಸುತ್ತೀರಿ ಎಂದು ಕೇಳಿದ್ದನ್ನು ನಾನೇ ಕಂಡಿದ್ದೇನೆ. ನಿಮ್ಮದು ದಾನಪತ್ರವೋ ಪಾಲುಪಟ್ಟಿಯೋ ಆಗಿದ್ದರೆ ಆ ಹೆಸರನ್ನೇ ಹಾಕಿ.

ಬಾಕಿ ಹಣದಲ್ಲಿ ಸ್ವಲ್ಪ ನಗದಾಗಿ ಕೊಡುತ್ತೇವೆ, ರಶೀದಿಯಲ್ಲಿ ಬೇಡ ಎಂಬ ಮಾತು ಬಂದರೆ ಒಪ್ಪಬೇಡಿ. ಜಾಗೆಯ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಅಷ್ಟೇ ಮೊತ್ತದ ದಂಡ, ಅದೂ ಕೊಟ್ಟವರಿಗಲ್ಲ, ಪಡೆದವರಿಗೆ. ಎರಡು ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇನೆ ಎಂದು ಯಾರಾದರೂ ದಾವೆ ಹಾಕಿದರೆ ಅದನ್ನು ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದು 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟುಗಳಿಗೆ ಹೇಳಿದೆ.

ರಿಜಿಸ್ಟ್ರಿ ದಿನವೂ ಲೆಕ್ಕ ಇದೇ ಕ್ರಮದಲ್ಲಿ ಸಾಗುತ್ತದೆ. ಬಾಕಿ 45 ಲಕ್ಷದಲ್ಲಿ 45,000 ತೆರಿಗೆಗೆ ಹೋಗಿ 44,55,000 ನಿಮಗೆ ಬರಬೇಕು. ಆ ಸಲ ಅಕ್ಕನ ಪಾಲು ನೇರವಾಗಿ ಅಕ್ಕನ ಖಾತೆಗೇ ಹೋಗಲಿ, ತಲಾ 22,27,500. ನಿಮ್ಮಿಬ್ಬರ ಫೋನೂ ಕೈಯಲ್ಲಿದ್ದು, ಎರಡೂ ಖಾತೆಗೆ ಹಣ ಬಂದದ್ದನ್ನು ನೋಡಿದ ಮೇಲೆ ಸಹಿ ಹಾಕಿ. RTGS 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುತ್ತದೆ ನಿಜ, ಆದರೆ ಕೊಳ್ಳುವವರು ಬ್ಯಾಂಕಿನ ಕೌಂಟರಿಗೆ ಹೋಗಿ ಕಳಿಸುವವರಾದರೆ ಅಲ್ಲಿಯ ಸರತಿಯೂ ಊಟದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಸಬ್ ರಿಜಿಸ್ಟ್ರಾರ್ ಆಫೀಸಿನ ವರಾಂಡದಲ್ಲಿ ಎಲ್ಲರೂ ಒಬ್ಬರ ಫೋನ್ ನೋಡುತ್ತಾ ಕೂರುವುದು ಬೇಡವೆಂದರೆ ಬೆಳಗ್ಗೆಯೇ ಕಳಿಸಲು ಹೇಳಿ.

ಇನ್ನು ಆ 15 ಸಾವಿರ. ಜುಲೈಯಲ್ಲಿ ಹಿಡಿದ ತೆರಿಗೆಯನ್ನು ಅವರು ತಿಂಗಳು ಮುಗಿದು 30 ದಿನದ ಒಳಗೆ, ಅಂದರೆ ಆಗಸ್ಟ್ 30ರ ಒಳಗೆ, 26QB ಎಂಬ ಫಾರಂ ತುಂಬಿ ಕಟ್ಟಬೇಕು. ಮಾರುವವರು ಇಬ್ಬರಿರುವುದರಿಂದ ಫಾರಂ ಎರಡು, ಒಂದೊಂದರಲ್ಲಿ 7,500. ಅವರಿಗೆ ಇಬ್ಬರ ಪಾನ್ ನಂಬ್ರವನ್ನೂ ರಶೀದಿಯ ಜೊತೆಗೆ ಕೊಡಿ. ಅಕ್ಕನ ಪಾನ್ ಆಧಾರ್ ಕಾರ್ಡಿಗೆ ಜೋಡಣೆ ಆಗಿದೆಯೇ ಎಂದು ಮೊದಲೇ ವಿಚಾರಿಸಿ. ಮನೆಯಲ್ಲೇ ಇರುವ ಹೆಂಗಸರ ಪಾನ್ ಹೀಗೆ ನಿಷ್ಕ್ರಿಯವಾಗಿ ಬಿದ್ದಿರುವುದು ಸಾಮಾನ್ಯ. ಹಾಗಾಗಿದ್ದರೆ ಶೇಕಡಾ 1ರ ಬದಲು 20 ಹಿಡಿಯಬೇಕಿತ್ತು ಎಂದು ಇಲಾಖೆ ಕೊಳ್ಳುವವರಿಗೆ ನೋಟೀಸು ಕಳಿಸುತ್ತದೆ, ಅವರು ಅದನ್ನು ಹಿಡಿದುಕೊಂಡು ನಿಮ್ಮ ಮನೆಗೆ ಬರುತ್ತಾರೆ.

ತೆರಿಗೆ ಕಟ್ಟಿದ ಮೇಲೆ 16B ಎಂಬ ಸರ್ಟಿಫಿಕೇಟನ್ನು ಅವರು ಡೌನ್‌ಲೋಡ್ ಮಾಡಿ ನಿಮ್ಮಿಬ್ಬರಿಗೂ ಕೊಡಬೇಕು. ನಿಮ್ಮ ಲೆಕ್ಕಕ್ಕೆ ಅದರ ಕೊನೇ ದಿನ ಸೆಪ್ಟೆಂಬರ್ 14. ಅದು ಬಂದ ದಿನ ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿ 26AS ತೆರೆದು 7,500 ಕಾಣುತ್ತದೆಯೇ ನೋಡಿ, ಅಕ್ಕನದ್ದನ್ನೂ ನೋಡಿ. ಎರಡೂ ಕಂಡರೆ "ತೆರಿಗೆಯ 15,000 ಜಮೆಯಾಗಿದೆ, ಮುಂಗಡ 15,00,000 ಪೂರ್ತಿ ಸಂದಿದೆ" ಎಂದು ಅದೇ ರಶೀದಿಯ ನಿಮ್ಮ ಪ್ರತಿಯಲ್ಲೂ ಅವರ ಪ್ರತಿಯಲ್ಲೂ ಒಂದು ಸಾಲು ಸೇರಿಸಿ, ತಾರೀಕು ಹಾಕಿ ಇಬ್ಬರೂ ಸಹಿ ಮಾಡಿ. ಕಾಣದಿದ್ದರೆ ಆ ಸಾಲನ್ನು ಬರೆಯಬೇಡಿ, ಫೋನ್ ಮಾಡಿ ಕೇಳಿ.